ಆಫರ್ ಲೆಟರ್‌ನ ಮೂರನೇ ಪುಟ

ನಮ್ಮ ನೆಂಟರಿಷ್ಟರಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳು ಸಾಕಷ್ಟಿದ್ದಾರೆ. ಮದುವೆ, ನಾಮಕರಣ ಅಂತ ಎಲ್ಲರೂ ಸೇರಿದಾಗ ಊಟದ ಪಂಕ್ತಿಯಲ್ಲೇ ಇಂಟರ್ನ್‌ಶಿಪ್ ಮಾತು ಶುರುವಾಗುತ್ತದೆ. ಆ ಮಾತಿನಲ್ಲಿ ಬರುವ ಒಂದು ಪ್ರಶ್ನೆ ಬಹಳ ದಿನದಿಂದ ನನ್ನನ್ನು ಕೊರೆಯುತ್ತಿದೆ. ಒಬ್ಬ ಹುಡುಗ ಇಂಟರ್ನ್‌ಶಿಪ್ ಮುಗಿಸಿದೆ ಅಂದರೆ ಪಕ್ಕದಲ್ಲಿ ಕೂತವನು ಮೊದಲು ಕೇಳುವುದು "ಎಷ್ಟು ಕಟ್ಟಿದೆ?" ಅಂತ. ಅವರು ಎಷ್ಟು ಕೊಟ್ಟರು ಅಂತ ಯಾರೂ ಕೇಳುವುದಿಲ್ಲ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ಸರ್ಟಿಫಿಕೇಟ್ ತರದಿದ್ದರೆ ಕ್ರೆಡಿಟ್ ಇಲ್ಲ. ಹಾಸನ, ತುಮಕೂರು, ಚಿತ್ರದುರ್ಗದಂಥ ಊರುಗಳಲ್ಲಿ ಓದುವ ಅಷ್ಟೂ ಮಕ್ಕಳನ್ನು ಕೂರಿಸಿಕೊಂಡು ಕೆಲಸ ಕಲಿಸುವಷ್ಟು ಕಂಪನಿಗಳು ಆಸುಪಾಸಿನಲ್ಲಿಲ್ಲ. ಹಾಗಾಗಿ ಟ್ರೈನಿಂಗ್ ಸಂಸ್ಥೆಗಳು ಬಂದವು. ದುಡ್ಡು ಕಟ್ಟಿಸಿಕೊಂಡು ನಾಲ್ಕು ವಾರ ಪೈಥಾನ್ ಪಾಠ ಮಾಡಿ, ಒಂದು ಪ್ರಾಜೆಕ್ಟ್ ಮಾಡಿಸಿ, ಸರ್ಟಿಫಿಕೇಟ್ ಕೊಡುತ್ತವೆ. ಇವರೆಲ್ಲ ಮೋಸಗಾರರು ಅಂತ ನಾನು ಹೇಳಲಾರೆ. ಕೆಲವರು ಪಾಠವನ್ನು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಇದರಿಂದ ಆಗಿರುವ ದೊಡ್ಡ ನಷ್ಟ ಒಂದಿದೆ. ಇಂಟರ್ನ್‌ಶಿಪ್ ಅಂದರೆ ನಾವು ದುಡ್ಡು ಕೊಡಬೇಕಾದ ವ್ಯವಹಾರ ಅನ್ನುವುದು ಮಕ್ಕಳ ತಲೆಯಲ್ಲೂ ಹೆತ್ತವರ ತಲೆಯಲ್ಲೂ ಗಟ್ಟಿಯಾಗಿ ಕೂತುಬಿಟ್ಟಿದೆ. ಹಾಗೆ ಕೂತ ಮೇಲೆ, ನಾಳೆ ಯಾರೋ ಕಂಪನಿ ಹೆಸರಿನಲ್ಲಿ ದುಡ್ಡು ಕೇಳಿದರೆ ಅದು ವಿಚಿತ್ರ ಅಂತ ಅನಿಸುವುದಾದರೂ ಹೇಗೆ?

ಇದನ್ನು ಯೋಚಿಸುತ್ತಿರುವಾಗಲೇ ನನ್ನ ಅಕ್ಕನ ಮಗಳಿಗೆ ಒಂದು ಆಫರ್ ಬಂತು. ಹೆಸರು ಬದಲಿಸಿ ಅವಳನ್ನು ಸಹನಾ ಅಂತ ಕರೆಯುತ್ತೇನೆ. ಆಗ ಆರನೇ ಸೆಮಿಸ್ಟರು, ಹಾಸನದಲ್ಲಿ ಪಿಜಿಯಲ್ಲಿದ್ದುಕೊಂಡು ಓದುತ್ತಿದ್ದಳು. ನಾನು ಬೆಂಗಳೂರಿನಲ್ಲಿ ಒಂದು ಸಣ್ಣ ಸಂಸ್ಥೆಯ ಮೇಲ್ ಸರ್ವರ್ ನೋಡಿಕೊಳ್ಳುವವನು, ಸುಳ್ಳು ಮೇಲ್‌ಗಳು ನನಗೆ ದಿನನಿತ್ಯದ ಕೆಲಸ. ಆದರೂ ಇದನ್ನು ಕಂಡುಹಿಡಿದವಳು ಅವಳೇ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಅವಳ ತನಿಖೆ ಮುಕ್ಕಾಲು ಪಾಲು ಮುಗಿದಿತ್ತು. ಹೇಗೆ ಕಂಡುಹಿಡಿದಳು ಅನ್ನುವುದನ್ನು ಅವಳಿಂದ ಕೇಳಿ ತಿಳಿದಷ್ಟನ್ನು, ನನ್ನ ಕೆಲಸದಿಂದ ನನಗೆ ಗೊತ್ತಿರುವುದನ್ನು ಅಲ್ಲಲ್ಲಿ ಸೇರಿಸಿ, ಬರೆಯುತ್ತಿದ್ದೇನೆ.

ಭಾನುವಾರ ಸಂಜೆ

2025ರ ಫೆಬ್ರುವರಿ 23, ಭಾನುವಾರ. ಅದಕ್ಕೆ ಒಂದು ವಾರ ಮೊದಲು ಅವಳು ಕೆಲಸ ಹುಡುಕುವ ಒಂದು ತಾಣದಲ್ಲಿ ರೆಸ್ಯೂಮೆ ಹಾಕಿದ್ದಳು. ಶುಕ್ರವಾರ ವಾಟ್ಸಾಪ್‌ನಲ್ಲಿ ಯಾರೋ "ಎಚ್‌ಆರ್" ಮಾತಾಡಿಸಿ, ಚಾಟ್‌ನಲ್ಲೇ ಹತ್ತು ಪ್ರಶ್ನೆ ಕೇಳಿ, ಇದೇ ಇಂಟರ್‌ವ್ಯೂ ಅಂದಿದ್ದರು. ಎಸ್‌ಕ್ಯೂಎಲ್‌ನಲ್ಲಿ ಜಾಯಿನ್ ಅಂದರೇನು, ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಮಾಡಿದ್ದೀರಾ, ಇಂಥವು. ಭಾನುವಾರ ಸಂಜೆ ಮೇಲ್ ಬಂತು. ಡೇಟಾ ಅನಾಲಿಸ್ಟ್ ಇಂಟರ್ನ್, ಮನೆಯಿಂದಲೇ ಕೆಲಸ, ಮೂರು ತಿಂಗಳು, ತಿಂಗಳಿಗೆ ₹18,000 ಸ್ಟೈಪೆಂಡ್. ಜೊತೆಗೆ ಮೂರು ಪುಟದ ಪಿಡಿಎಫ್. ಕಂಪನಿ ಎಲ್ಲರೂ ಹೆಸರು ಕೇಳಿರುವಂಥದ್ದು.

ಆ ಕಂಪನಿಯ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ, ಅವರ ಹೆಸರನ್ನು ಬೇರೆಯವರು ಕದ್ದು ಬಳಸಿಕೊಂಡಿದ್ದರು. ಅದರ ಜಾಗದಲ್ಲಿ `example` ಅಂತ ಇಟ್ಟುಕೊಳ್ಳೋಣ. ಕಂಪನಿಯ ನಿಜವಾದ ತಾಣ `example.com` ಅಂತಿರಲಿ.

ಪಿಡಿಎಫ್ ಅನ್ನು ನಾನೂ ಆಮೇಲೆ ನೋಡಿದೆ. ಅಚ್ಚುಕಟ್ಟಾಗಿತ್ತು. ಸುಳ್ಳು ಆಫರ್ ಅಂದರೆ ತಪ್ಪು ಇಂಗ್ಲಿಷ್, ಮಂಕಾದ ಲೋಗೋ ಇರುತ್ತದೆ ಅನ್ನುವ ಕಾಲ ಹೋಯಿತು. ಇಂಗ್ಲಿಷ್ ಶುದ್ಧವಾಗಿತ್ತು, ಲೋಗೋ ಅಸಲಿ ಕಂಪನಿಯ ತಾಣದಿಂದಲೇ ತೆಗೆದದ್ದು. ಪುಟದ ಅಡಿಯಲ್ಲಿ ಸಿಐಎನ್, ಅಂದರೆ ಕಂಪನಿ ನೋಂದಣಿಯ 21 ಅಕ್ಷರ-ಅಂಕಿಗಳ ಗುರುತು ಸಂಖ್ಯೆಯೂ ಇತ್ತು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಹಾಕಿ ನೋಡಿದರೆ ಅದು ನಿಜವಾದ ಸಂಖ್ಯೆಯೇ. ಎಷ್ಟೋ ಮಕ್ಕಳು ಇಷ್ಟು ನೋಡಿ ನಿಶ್ಚಿಂತರಾಗುತ್ತಾರೆ. ಆದರೆ ಆ ಸಂಖ್ಯೆ ಗುಟ್ಟೇನಲ್ಲ. ಕಂಪನಿಗಳು ತಮ್ಮ ಲೆಟರ್‌ಹೆಡ್‌ನಲ್ಲಿ ಅಚ್ಚು ಹಾಕಿಸಲೇಬೇಕಾದದ್ದು ಅದು, ಯಾರು ಬೇಕಾದರೂ ನಕಲು ಮಾಡಬಹುದು. ಸಂಖ್ಯೆ ಸರಿಯಿದೆ ಅಂದರೆ ಅಂಥದೊಂದು ಕಂಪನಿ ಇದೆ ಅಂತ ಅಷ್ಟೇ ಗೊತ್ತಾಗುತ್ತದೆ. ಪತ್ರ ಬರೆದವರು ಆ ಕಂಪನಿಯವರೇ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಸಹನಾ ನೋಡಿದ್ದು ಬೇರೆ ಕಡೆ. ಫೋನಿನಲ್ಲಿ ಮೇಲ್ ತೆರೆದರೆ ಮೇಲ್ಗಡೆ ಕಳಿಸಿದವರ ಹೆಸರಷ್ಟೇ ಕಾಣುತ್ತದೆ, ವಿಳಾಸ ಕಾಣುವುದಿಲ್ಲ. ಅಲ್ಲಿ ಕಂಪನಿಯ ಹೆಸರಿನ ಜೊತೆ ಎಚ್‌ಆರ್ ಟೀಮ್ ಅಂತಿತ್ತು. ಆ ಹೆಸರನ್ನು ಕಳಿಸುವವನು ತನಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು, ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ಹೆಸರಿನ ಕೆಳಗೆ ಚಿಕ್ಕದಾಗಿ `to me` ಅಂತಿರುತ್ತದಲ್ಲ, ಅದನ್ನು ಒತ್ತಿದರೆ ಪೂರ್ತಿ ವಿಳಾಸ ಬಿಚ್ಚಿಕೊಳ್ಳುತ್ತದೆ. ಅವಳು ಒತ್ತಿದಳು. ಬಂದದ್ದು ಇದು:

```
hr@example-careers.net
```

ಕಂಪನಿಯ ತಾಣವನ್ನು ಅವಳು ತಾನೇ ಟೈಪ್ ಮಾಡಿ ತೆರೆದಳು. ಮೇಲ್‌ನಲ್ಲಿದ್ದ ಲಿಂಕ್ ಒತ್ತಲಿಲ್ಲ. ಅಲ್ಲಿ ಉದ್ಯೋಗದ ಪುಟ ಇದ್ದದ್ದು `careers.example.com` ಅಂತ.

ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿದರೆ ಪದಗಳು ಅವೇ, ಬದಲಾದದ್ದು ಅವುಗಳ ಜಾಗ, ಚುಕ್ಕಿಯ ಬದಲು ಒಂದು ಅಡ್ಡಗೆರೆ, ಕೊನೆಗೆ `.com` ಬದಲು `.net`. ಆದರೆ ಆ ವ್ಯತ್ಯಾಸದಲ್ಲೇ ಎಲ್ಲ ಇದೆ. ಡೊಮೇನ್ ಅನ್ನು, ಅಂದರೆ ಮೇಲ್ ವಿಳಾಸದಲ್ಲಿ `@` ಆದ ಮೇಲೆ ಬರುವ ಹೆಸರನ್ನು, ಬಲಗಡೆಯಿಂದ ಓದಬೇಕು. ಕೊನೆಯ `.com` ಅಥವಾ `.net`ಗೆ ಅಂಟಿಕೊಂಡು ಎಡಕ್ಕೆ, ಹಿಂದಿನ ಚುಕ್ಕಿಯವರೆಗೆ ಏನಿದೆಯೋ ಅದೇ ಯಜಮಾನನ ಹೆಸರು. `careers.example.com`ನಲ್ಲಿ ಯಜಮಾನ `example.com`, ಅದರ ಎಡಗಡೆ ಚುಕ್ಕಿ ಹಾಕಿ ಏನನ್ನಾದರೂ ಸೇರಿಸುವ ಹಕ್ಕು ಆ ಕಂಪನಿಗೆ ಮಾತ್ರ. `example-careers.net`ನಲ್ಲಿ ಅಡ್ಡಗೆರೆಯೂ ಹೆಸರಿನ ಒಂದು ಅಕ್ಷರ ಇದ್ದ ಹಾಗೆ, ಪೂರ್ತಿ `example-careers` ಅನ್ನುವುದೇ ಬೇರೆಯದೊಂದು ಹೆಸರು. ಅದು ಖಾಲಿ ಇದ್ದರೆ ನೀವು, ನಾನು, ಯಾರು ಬೇಕಾದರೂ ಸಾವಿರ ಚಿಲ್ಲರೆ ರೂಪಾಯಿ ಕೊಟ್ಟು ಒಂದು ವರ್ಷಕ್ಕೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಮೊದಲನೆಯದು ಗೌಡರ ಮನೆಯೊಳಗಿನ ಒಂದು ಕೋಣೆ, ಎರಡನೆಯದು ಆಚೆ ಬೀದಿಯ ಸೈಟಿನಲ್ಲಿ ಗೌಡರ ಹೆಸರಿನ ಬೋರ್ಡು ನೆಟ್ಟ ಶೆಡ್ಡು. (`.org.in`, `.co.in` ಇರುವ ಕಡೆ ಒಂದು ಎಚ್ಚರ ಬೇಕು. ಅಲ್ಲಿ `co.in` ಪೂರ್ತಿಯಾಗಿ ಬಾಲ, ಯಜಮಾನನ ಹೆಸರು ಅದರ ಎಡಗಡೆಯದು.)

ಗೆಳತಿಯ ಅನುಮಾನ, ಸೀನಿಯರ್‌ನ ಭರವಸೆ

ಪಿಜಿಯಲ್ಲಿ ಅವಳ ರೂಮಿನ ಹುಡುಗಿ ಒಪ್ಪಲಿಲ್ಲ. ತನ್ನ ಫೋನಿನಲ್ಲಿ `example-careers.net` ಅಂತ ಹೊಡೆದು ತೋರಿಸಿದಳಂತೆ. "ನೋಡೇ, ಕಂಪನಿದೇ ಸೈಟ್ ಬರ್ತಿದೆ. ಇಬ್ಬರದೂ ಒಂದೇ."

ನಿಜವಾಗಿಯೂ ಬರುತ್ತಿತ್ತು. ಕಂಪನಿಯ ಅಸಲಿ ತಾಣವೇ ಎದುರಿಗೆ ತೆರೆದುಕೊಳ್ಳುತ್ತಿತ್ತು. ಈ ಉಪಾಯಕ್ಕೆ ಬಹಳ ಜನ ಬೀಳುತ್ತಾರೆ, ಓದಿದವರೂ ಬೀಳುತ್ತಾರೆ. ಒಂದು ಡೊಮೇನ್ ಕೊಂಡವನು ಅದಕ್ಕೆ ಬರುವವರನ್ನು ಇನ್ನಾವುದೋ ತಾಣಕ್ಕೆ ದಾಟಿಸುವ ಹಾಗೆ ಐದು ನಿಮಿಷದಲ್ಲಿ ಮಾಡಬಹುದು. ರೀಡೈರೆಕ್ಟ್ ಅನ್ನುತ್ತೇವೆ. ಎಲ್ಲಿಗೆ ದಾಟಿಸುತ್ತಾನೋ ಅವರ ಅನುಮತಿ ಬೇಕಿಲ್ಲ, ಅವರಿಗೆ ಗೊತ್ತೂ ಆಗುವುದಿಲ್ಲ. ಸಹನಾ ಗಮನಿಸಿದ್ದು ವಿಳಾಸದ ಪಟ್ಟಿಯನ್ನು. ಹೊಡೆದದ್ದು `example-careers.net`, ಪುಟ ತೆರೆದ ಮೇಲೆ ಅಲ್ಲಿದ್ದದ್ದು `example.com`. "ಇಬ್ಬರದೂ ಒಂದೇ ಆಗಿದ್ರೆ ಅವನು ಹೆಸರು ಯಾಕೆ ಬದಲಾಯಿಸಬೇಕಿತ್ತು?" ಅಂತ ಅವಳು ಕೇಳಿದ್ದಕ್ಕೆ ಆ ಹುಡುಗಿ ಸುಮ್ಮನಾದಳಂತೆ. ನಾನಾಗಿದ್ದರೆ ಆ ಉತ್ತರಕ್ಕೆ ಪೂರ್ತಿ ಅಂಕ ಕೊಡುತ್ತಿರಲಿಲ್ಲ, ಯಾಕೆಂದರೆ ದೊಡ್ಡ ಕಂಪನಿಗಳೂ ತಮ್ಮದೇ ನಾಲ್ಕಾರು ಹೆಸರುಗಳನ್ನು ಕೊಂಡು ಹೀಗೆ ಒಂದೇ ಕಡೆಗೆ ದಾಟಿಸುತ್ತವೆ. ಆದರೆ ರೀಡೈರೆಕ್ಟ್ ಯಾವುದಕ್ಕೂ ಸಾಕ್ಷಿಯಲ್ಲ ಅನ್ನುವುದಂತೂ ಅವಳಿಗೆ ಸರಿಯಾಗಿ ಹೊಳೆದಿತ್ತು.

ಒಬ್ಬ ಸೀನಿಯರ್ ಇನ್ನೂ ಮುಂದೆ ಹೋದ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, `Show original` ನೋಡಲು ಹೇಳಿದ. ಅಲ್ಲಿ ಮೂರು ಸಾಲು:

```
SPF:    PASS
DKIM:   'PASS' with domain example-careers.net
DMARC:  'PASS'
```

"ಮೂರೂ ಪಾಸ್ ಆಗಿದೆ, ಮೇಲ್ ಜೆನ್ಯೂನ್" ಅಂತ ಅವನು ಬರೆದ. ಇದು ನನ್ನ ಕ್ಷೇತ್ರ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಎಸ್‌ಪಿಎಫ್ ಅಂದರೆ, ಈ ಡೊಮೇನ್ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಅಂತ ಡೊಮೇನಿನ ಒಡೆಯ ಹಾಕಿಟ್ಟ ಪಟ್ಟಿ. ಡಿಕೆಐಎಂ ಅಂದರೆ ಆ ಡೊಮೇನಿನ ಡಿಜಿಟಲ್ ಸಹಿ. ಡಿಮಾರ್ಕ್ ಅಂದರೆ, ಇವೆರಡರಲ್ಲಿ ಒಂದಾದರೂ ನಮಗೆ ಕಾಣುವ ವಿಳಾಸದ ಡೊಮೇನ್‌ಗೆ ಹೊಂದುತ್ತದೆಯೇ ಅನ್ನುವ ಪರೀಕ್ಷೆ. ಮೂರೂ ಸೇರಿ ಹೇಳುವ ಮಾತು ಒಂದೇ: ಈ ಮೇಲ್ ನಿಜವಾಗಿಯೂ `example-careers.net`ನಿಂದಲೇ ಬಂದಿದೆ, ನಡುವೆ ಯಾರೂ ಆ ಹೆಸರನ್ನು ನಕಲು ಮಾಡಿಲ್ಲ. ಆ ಡೊಮೇನ್ ಯಾರದು, ಅವರು ಒಳ್ಳೆಯವರೋ ಕೆಟ್ಟವರೋ ಅನ್ನುವ ಬಗ್ಗೆ ಅವು ಏನೂ ಹೇಳುವುದಿಲ್ಲ. ಮೋಸಗಾರ ತನ್ನ ಡೊಮೇನ್ ತಾನೇ ಕೊಂಡ ಮೇಲೆ ಮೂರನ್ನೂ ಸರಿಯಾಗಿಯೇ ಹಾಕಿಕೊಳ್ಳುತ್ತಾನೆ, ಹಾಕದಿದ್ದರೆ ಅವನ ಮೇಲ್ ಸ್ಪ್ಯಾಮ್‌ಗೆ ಹೋಗುತ್ತದೆ. ಆ ಸೀನಿಯರ್ ಕಳಿಸಿದ ಸಾಲುಗಳಲ್ಲಿ ಓದಬೇಕಾದದ್ದು `PASS` ಪಕ್ಕದಲ್ಲಿರುವ ಡೊಮೇನ್ ಹೆಸರನ್ನು. ಅವನು ಪಾಸ್ ಅನ್ನುವುದನ್ನು ಮಾತ್ರ ಓದಿದ.

ಕೊನೆಗೆ ಅವಳು `lookup.icann.org`ಗೆ ಹೋಗಿ ಆ ಡೊಮೇನ್ ಹಾಕಿದಳು. ಡೊಮೇನ್‌ಗಳ ನೋಂದಣಿ ವಿವರವನ್ನು ಪುಕ್ಕಟೆ ತೋರಿಸುವ ಪುಟ ಅದು. ಕೊಂಡವರ ಹೆಸರು, ವಿಳಾಸ ಈಗ ಸಾಮಾನ್ಯವಾಗಿ ಮುಚ್ಚಿರುತ್ತದೆ, ಆದರೆ ತಾರೀಖು ಮುಚ್ಚಿರುವುದಿಲ್ಲ.

```
Created:             2025-02-03 09:14:22 UTC
Registry Expiration: 2026-02-03 09:14:22 UTC
```

ಪತ್ರದ ಮೊದಲ ಪುಟದಲ್ಲಿ "2009ರಿಂದ ಸೇವೆಯಲ್ಲಿ" ಅಂತಿದೆ, ಅದೇ ಕಂಪನಿಯ ನೇಮಕಾತಿಯ ಡೊಮೇನ್ ಹುಟ್ಟಿ ಇಪ್ಪತ್ತು ದಿನ.

ಡೊಮೇನ್ ಒಂದೇ ಸಾಲದು

ಇಲ್ಲಿಗೆ ಅವಳಿಗೆ ಅನುಮಾನ ಗಟ್ಟಿಯಾಗಿತ್ತು, ಆದರೆ ತೀರ್ಮಾನ ಆಗಿರಲಿಲ್ಲ. ಆಗದೆ ಇದ್ದದ್ದು ಸರಿಯೇ ಅಂತ ನನ್ನ ಅಭಿಪ್ರಾಯ. ಡೊಮೇನ್ ಹೊಂದದ ಅಸಲಿ ಆಫರ್‌ಗಳೂ ಇರುತ್ತವೆ. ಎಷ್ಟೋ ಕಂಪನಿಗಳು ನೇಮಕಾತಿಗೆ ಬೇರೆ ಸಂಸ್ಥೆಯ ಸಾಫ್ಟ್‌ವೇರ್ ಬಳಸುತ್ತವೆ, ಮೇಲ್ ಆ ಸಂಸ್ಥೆಯ ಡೊಮೇನಿನಿಂದ ಬರುತ್ತದೆ. ನಾಲ್ಕು ಜನರ ಸ್ಟಾರ್ಟ್‌ಅಪ್ ಒಂದು ಬರೀ ಜಿಮೇಲ್‌ನಿಂದಲೇ ಬರೆಯಬಹುದು. ಡೊಮೇನ್ ಹೊಸದಾಗಿರುವುದು ಹೊಸ ಕಂಪನಿಗೆ ಸಹಜ. ಇನ್ನೊಂದು ಕಡೆ, ಕಂಪನಿಯವರದೇ ಯಾರದಾದರೂ ಮೇಲ್ ಖಾತೆ ಕಳ್ಳರ ಕೈಗೆ ಸಿಕ್ಕಿದ್ದರೆ ಅಸಲಿ ಡೊಮೇನಿನಿಂದಲೇ ಸುಳ್ಳು ಪತ್ರ ಬರಬಹುದು. ಡೊಮೇನ್ ನೋಡಿದರೆ "ಇವರು ಯಾರು ಅಂತ ಇನ್ನೊಮ್ಮೆ ಕೇಳು" ಅನ್ನುವವರೆಗೆ ಬಂದು ನಿಲ್ಲುತ್ತೇವೆ. ಮುಂದಿನದಕ್ಕೆ ಮೂರನೇ ಪುಟ ಬೇಕಾಯಿತು.

ಮೂರನೇ ಪುಟದ ಅಡಿಯಲ್ಲಿ, ಸಣ್ಣಕ್ಷರದಲ್ಲೇನಲ್ಲ, ದಪ್ಪಗೇ ಬರೆದಿತ್ತು. ಲ್ಯಾಪ್‌ಟಾಪ್ ಮತ್ತು ಐಡಿ ಕಾರ್ಡ್ ಕಳಿಸಲು ₹2,850 ಭದ್ರತಾ ಠೇವಣಿ, ಮೊದಲ ತಿಂಗಳ ಸ್ಟೈಪೆಂಡ್ ಜೊತೆ ಪೂರ್ತಿ ವಾಪಸ್. ಸೋಮವಾರ ಸಂಜೆ ಆರರೊಳಗೆ ಕಟ್ಟದಿದ್ದರೆ ಆಫರ್ ರದ್ದು. ಪಕ್ಕದಲ್ಲಿ ಕ್ಯೂಆರ್ ಕೋಡ್.

ಆ ಮೊತ್ತವನ್ನು ಯಾರೋ ಕೂತು ಲೆಕ್ಕ ಹಾಕಿಯೇ ಇಟ್ಟಿದ್ದಾರೆ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ಪಿಜಿಯ ಹುಡುಗಿ ಮನೆಗೆ ಹೇಳದೆಯೇ ಗೆಳತಿಯರ ಹತ್ತಿರ ಹೊಂದಿಸಬಹುದಾದಷ್ಟು, ಕಳೆದುಕೊಂಡರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ಯಾಕೆ ಅಂತ ಸುಮ್ಮನಾಗುವಷ್ಟು. ಹದಿನೆಂಟು ಸಾವಿರದ ಪಕ್ಕದಲ್ಲಿ ಇಟ್ಟು ನೋಡಿದಾಗ ಚಿಲ್ಲರೆ ಅನಿಸುವಷ್ಟು. ಮತ್ತು ಅದು ಮೊದಲ ಕಂತು ಮಾತ್ರ. ಒಮ್ಮೆ ಕಟ್ಟಿದವರಿಗೆ ಹಿನ್ನೆಲೆ ಪರಿಶೀಲನೆ, ಲ್ಯಾಪ್‌ಟಾಪ್ ವಿಮೆ, ಜಿಎಸ್‌ಟಿ ಅಂತ ಒಂದಾದ ಮೇಲೊಂದು ಬರುತ್ತದೆ. ಕಟ್ಟಿದ ದುಡ್ಡು ವಾಪಸ್ ಬರಬೇಕಾದರೆ ಮುಂದಿನದನ್ನೂ ಕಟ್ಟಬೇಕು ಅನ್ನುವ ಹಾಗೆ ಮಾಡಿರುತ್ತಾರೆ.

ಅವಳು ಕ್ಯೂಆರ್ ಸ್ಕ್ಯಾನ್ ಮಾಡಿದಳು. ಸ್ಕ್ಯಾನ್ ಮಾಡಿದಷ್ಟಕ್ಕೆ ದುಡ್ಡು ಹೋಗುವುದಿಲ್ಲ, ಪಿನ್ ಒತ್ತುವವರೆಗೆ ಏನೂ ಆಗುವುದಿಲ್ಲ. ಆದರೆ ದುಡ್ಡು ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಬಂದದ್ದು ಯಾರೋ ಒಬ್ಬ ವ್ಯಕ್ತಿಯ ಹೆಸರು, ಪತ್ರದಲ್ಲಿ ಸಹಿ ಹಾಕಿದವರದೂ ಅಲ್ಲ. (ಕಂಪನಿಯಂಥ ಹೆಸರೇ ಬಂದಿದ್ದರೂ ನಂಬಬೇಕಾಗಿರಲಿಲ್ಲ. ಯಾವುದೋ ಅಂಗಡಿಯ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆಗೆದು ಬಾಡಿಗೆಗೆ ಕೊಡುವವರಿದ್ದಾರೆ.) ಅಲ್ಲಿಗೆ ನಿಲ್ಲಿಸದೆ ವಾಟ್ಸಾಪ್‌ನಲ್ಲಿ ಆ ಎಚ್‌ಆರ್‌ಗೆ ಒಂದು ಸಾಲು ಬರೆದಳು. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಮೆಚ್ಚುಗೆಯಾದದ್ದು ಆ ಸಾಲು. "ಸರ್, ಹೇಗೂ ಮೊದಲ ಸ್ಟೈಪೆಂಡ್‌ನಲ್ಲಿ ವಾಪಸ್ ಕೊಡ್ತೀರಲ್ಲ. ಅದರಲ್ಲೇ 2,850 ಹಿಡಿದುಕೊಂಡು ಉಳಿದದ್ದು ಕೊಡಿ, ಠೇವಣಿ ನಿಮ್ಮ ಹತ್ತಿರವೇ ಇರಲಿ."

ಉತ್ತರ ತಡವಾಗಿ ಬಂತು. ಕಂಪನಿಯ ನಿಯಮದಲ್ಲಿ ಅವಕಾಶವಿಲ್ಲ, ನಿಮ್ಮ ಜಾಗಕ್ಕೆ ಬೇರೆಯವರು ಕಾಯುತ್ತಿದ್ದಾರೆ. ಸೋಮವಾರ ಸಂಜೆ ಆರು ದಾಟಿತು. ಆಫರ್ ರದ್ದಾಗಲಿಲ್ಲ. "ನಿಮಗಾಗಿ ವಿಶೇಷವಾಗಿ ಗುರುವಾರದವರೆಗೆ ಸಮಯ ಕೊಡಿಸಿದ್ದೇನೆ" ಅಂತ ಮೆಸೇಜ್ ಬಂತು. ಅವಳು ಅಷ್ಟರಲ್ಲಿ ಅಸಲಿ ಕಂಪನಿಯ ಉದ್ಯೋಗ ಪುಟದಲ್ಲಿದ್ದ ಮೇಲ್ ವಿಳಾಸಕ್ಕೆ ಪಿಡಿಎಫ್ ಕಳಿಸಿ, ಇದು ನಿಮ್ಮದೇ ಅಂತ ಕೇಳಿದ್ದಳು. ಕ್ಲಾಸಿನ ವಾಟ್ಸಾಪ್ ಗ್ರೂಪಿಗೂ ಡೊಮೇನಿನ ಸ್ಕ್ರೀನ್‌ಶಾಟ್ ಹಾಕಿ, ಯಾರಿಗಾದರೂ ಇದು ಬಂದಿದ್ದರೆ ಕಟ್ಟಬೇಡಿ ಅಂತ ಬರೆದಿದ್ದಳು.

ಶಿವರಾತ್ರಿಯ ಜಾಗರಣೆ

ಬುಧವಾರ ಶಿವರಾತ್ರಿ. ಚನ್ನರಾಯಪಟ್ಟಣದಲ್ಲಿ ಅಕ್ಕನ ಮನೆಗೆ ನಾನೂ ಹೋಗಿದ್ದೆ, ಸಹನಾ ಹಾಸನದಿಂದ ಬಂದಿದ್ದಳು. ದೇವಸ್ಥಾನದಿಂದ ಬಂದು ಎಲ್ಲರೂ ಹಾಲ್‌ನಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಾಗ ಅವಳು ಫೋನ್ ನನ್ನ ಕೈಗೆ ಕೊಟ್ಟು, "ಮಾವ, ಇದನ್ನ ನೋಡಿ, ನಾನು ಅಂದ್ಕೊಂಡಿದ್ದು ಸರೀನಾ ಹೇಳಿ" ಅಂದಳು. ನಾನು ನೋಡುತ್ತಿರುವಾಗ ಬಾವ ಪಕ್ಕದಿಂದ ಇಣುಕಿದರು. ಅವರದು ಗೊಬ್ಬರ, ಬಿತ್ತನೆಬೀಜದ ಅಂಗಡಿ, ಇಪ್ಪತ್ತು ವರ್ಷದ ವ್ಯಾಪಾರ.

"ಮೂರು ಸಾವಿರ ತಾನೇ? ಕಟ್ಟಿಬಿಡು" ಅಂದರು. "ಹೋದ ಸಲ ಕಾಲೇಜಿನಿಂದ ಕಳಿಸಿದ್ರಲ್ಲ ಆ ಇಂಟರ್ನ್‌ಶಿಪ್‌ಗೆ ನಾಲ್ಕು ಸಾವಿರ ಕಟ್ಟಲಿಲ್ವಾ. ಅಲ್ಲಿ ಒಂದು ರೂಪಾಯಿ ಬರಲಿಲ್ಲ. ಇಲ್ಲಿ ಹದಿನೆಂಟು ಕೊಡ್ತಾರೆ."

ನಾನು ಮೊದಲು ಹೇಳಿದ ಕೊರೆತ ಇದೇ. ಬಾವ ಮೋಸಕ್ಕೆ ಸುಲಭವಾಗಿ ಬೀಳುವವರಲ್ಲ, ಒಂದು ಮೂಟೆಯ ತೂಕದಲ್ಲಿ ಹೆಚ್ಚುಕಮ್ಮಿಯಾದರೆ ಕೈಯಲ್ಲೇ ಹೇಳುವವರು. ಆದರೆ ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟುವುದು ಅವರ ಪಾಲಿಗೆ ಫೀಸು ಕಟ್ಟಿದಷ್ಟೇ ಸಹಜವಾಗಿತ್ತು. ಹಾಗಾಗಿ ತಕ್ಕಡಿ ಅಲುಗಾಡಲೇ ಇಲ್ಲ.

"ಅದು ಪಾಠಕ್ಕೆ ಕಟ್ಟಿದ್ದು ಅಪ್ಪ," ಅಂದಳು ಸಹನಾ. "ಪಾಠ ಮಾಡಿದ್ರು, ರಸೀದಿ ಕೊಟ್ರು. ಇವರು ಕೆಲಸ ಕೊಡ್ತೀವಿ ಅಂತಾರೆ. ಕೆಲಸ ಮಾಡೋಳು ನಾನು, ದುಡ್ಡೂ ನಾನೇ ಕೊಡೋದಾ?"

"ಡೆಪಾಸಿಟ್ ಅಂತ ಬರೆದಿದಾರಲ್ಲೇ. ಡೀಲರ್‌ಶಿಪ್ ತಗೊಳ್ಳುವಾಗ ನಾನೂ ಕಂಪನಿಗೆ ಡೆಪಾಸಿಟ್ ಇಟ್ಟಿದೀನಿ."

"ನೀವು ಇಟ್ಟಿದ್ದು ಯಾಕೆ? ಅವರ ಮಾಲು ನಿಮ್ಮ ಗೋಡೌನಲ್ಲಿ ಇರುತ್ತೆ, ನೀವು ದುಡ್ಡು ಕೊಡದೆ ಹೋದ್ರೆ ಅಂತ. ಎಷ್ಟು ಇಟ್ಟಿದ್ರಿ? ಮಾಲಿಗೆ ತಕ್ಕಷ್ಟು ತಾನೇ? ಇವರು ನಲವತ್ತು ಸಾವಿರದ ಲ್ಯಾಪ್‌ಟಾಪ್ ಕಳಿಸ್ತಾರಂತೆ. ಅದನ್ನ ಇಟ್ಕೊಂಡು ನಾನು ಫೋನ್ ಆಫ್ ಮಾಡಿದ್ರೆ 2,850 ಇಟ್ಕೊಂಡು ಅವರೇನು ಮಾಡ್ತಾರೆ?"

ಬಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳು ಸ್ಟೈಪೆಂಡ್‌ನಲ್ಲಿ ಹಿಡಿದುಕೊಳ್ಳಿ ಅಂತ ಬರೆದದ್ದನ್ನೂ ಬಂದ ಉತ್ತರವನ್ನೂ ಓದಿ ಹೇಳಿದಾಗ ಎದ್ದು ಕೂತರು. "ಸಂಬಳದಲ್ಲಿ ಹಿಡ್ಕೊಳ್ಳಕ್ಕೆ ಆಗಲ್ಲ ಅಂದ್ರಾ? ಹಂಗಾದ್ರೆ ಸಂಬಳ ಕೊಡೋ ಲೆಕ್ಕವೇ ಅವರ ಹತ್ರ ಇಲ್ಲ." ಡೊಮೇನ್, ನೋಂದಣಿ ತಾರೀಖು ಏನೂ ಬೇಕಾಗಲಿಲ್ಲ ಅವರಿಗೆ. ಠೇವಣಿಯ ವ್ಯವಹಾರ ಮಾಡಿದ ಮನುಷ್ಯ, ಎಳೆ ಸಿಕ್ಕಿದ ಮೇಲೆ ನೇರವಾಗಿ ಬುಡಕ್ಕೆ ಹೋದರು.

ಅಷ್ಟೊತ್ತಿಗೆ ಸಹನಾಳ ಫೋನಿಗೆ ಕರೆ ಬಂತು. ಅವಳ ಕ್ಲಾಸಿನ ಹುಡುಗಿ, ಅಳುತ್ತಿದ್ದಳು. ಅವಳಿಗೂ ಅದೇ ಆಫರ್ ಬಂದಿತ್ತು, ಸೋಮವಾರ ಮಧ್ಯಾಹ್ನವೇ ಕಟ್ಟಿದ್ದಳು. ಸಂಜೆ ಗ್ರೂಪಿನಲ್ಲಿ ಸಹನಾ ಹಾಕಿದ ಮೆಸೇಜ್ ಓದಿದ್ದಾಳೆ, ನಾಚಿಕೆಯಾಗಿ ಬಾಯಿ ಬಿಟ್ಟಿಲ್ಲ. ಈಗ ಹಿನ್ನೆಲೆ ಪರಿಶೀಲನೆಗೆ ಇನ್ನೂ ₹4,700 ಕಟ್ಟಿ, ಇಲ್ಲದಿದ್ದರೆ ಮೊದಲಿನದೂ ವಾಪಸ್ ಇಲ್ಲ ಅಂತ ಬಂದಿದೆ. ಮನೆಯಲ್ಲಿ ಗೊತ್ತಾದರೆ ಓದು ಬಿಡಿಸುತ್ತಾರೆ ಅಂತ ಹೆದರಿಕೆ. ಆ ಮಗು ಎರಡು ದಿನ ಒಬ್ಬಳೇ ಹೊತ್ತುಕೊಂಡು ತಿರುಗಿದ್ದು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಕಳ್ಳರಿಗೆ ಮೊತ್ತಕ್ಕಿಂತ ಹೆಚ್ಚಿನ ರಕ್ಷಣೆ ಕೊಡುವುದು ಈ ಮೌನ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಟಿಎಂಗೆ ಹೋಗಲು ಗಂಟೆಗಳು ಸಾಕು.

ಆ ರಾತ್ರಿಯೇ ಅವಳಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆವು. ಅವರು ಮುಖ್ಯವಾಗಿ ಕೇಳುವುದು ನಾಲ್ಕು ಸಂಗತಿ: ಯಾವ ಖಾತೆಯಿಂದ ಹೋಯಿತು, ಎಷ್ಟು, ಯಾವ ಹೊತ್ತಿಗೆ, ಮತ್ತು ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ. ಅದನ್ನು ಪೇಮೆಂಟ್ ಆ್ಯಪ್‌ನ ಹಿಸ್ಟರಿಯಲ್ಲಿ ಆ ವ್ಯವಹಾರ ತೆರೆದರೆ ನೋಡಬಹುದು. ಅದನ್ನಿಟ್ಟುಕೊಂಡು ಅವರು ದುಡ್ಡು ಹೋದ ಬ್ಯಾಂಕಿಗೆ ಸೂಚನೆ ಕಳಿಸುತ್ತಾರೆ, ಖಾತೆಯಲ್ಲಿ ಇನ್ನೂ ಉಳಿದಿದ್ದರೆ ಅಷ್ಟನ್ನು ತಡೆಹಿಡಿಯುತ್ತಾರೆ. ಹೊರಗೆ ಹೋಗಿಬಿಟ್ಟಿದ್ದರೆ ಅವರ ಕೈಯಲ್ಲೂ ಇಲ್ಲ. ಎರಡು ದಿನ ಕಳೆದಿತ್ತು, ವಾಪಸ್ ಬರುತ್ತದೆ ಅಂತ ಯಾರೂ ಅವಳಿಗೆ ಮಾತು ಕೊಡಲಿಲ್ಲ. ಆದರೆ 4,700 ಉಳಿಯಿತು. ಮಾರನೆಯ ದಿನ cybercrime.gov.inನಲ್ಲಿ ದೂರು ಪೂರ್ತಿ ಮಾಡಿ, ಸೈಬರ್ ಅಪರಾಧಗಳನ್ನು ನೋಡುವ ಹಾಸನದ ಸೆನ್ ಪೊಲೀಸ್ ಠಾಣೆಗೆ ಹೋದರು. ಆ ಹುಡುಗಿಯ ಅಪ್ಪ ಜೊತೆಗೆ ಹೋದರು, ಬೈಯಲಿಲ್ಲ. ಬೇರೆಯವರಂತೆ ನಟಿಸಿ ಕಂಪ್ಯೂಟರ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. 2,850 ಅಂತ ಹಿಂಜರಿಯಬೇಕಿಲ್ಲ.

ಡೊಮೇನ್ ಬಿದ್ದ ಮೇಲೆ

ದುಡ್ಡು ಕಳೆದುಕೊಳ್ಳದಿದ್ದರೂ ಸಹನಾ ಒಂದು ಕೆಲಸ ಮಾಡಿದಳು, ಇದನ್ನು ನಾನು ಹೇಳಿಕೊಟ್ಟೆ. ಡೊಮೇನ್ ವಿವರದ ಪುಟದಲ್ಲೇ ಅದನ್ನು ಮಾರಿದ ರಿಜಿಸ್ಟ್ರಾರ್‌ನ ಹೆಸರಿನ ಜೊತೆ ದೂರು ಕೊಡಲು ಒಂದು ಮೇಲ್ ವಿಳಾಸ ಇರುತ್ತದೆ, `abuse` ಅಂತ ಶುರುವಾಗುತ್ತದೆ. ಅಲ್ಲಿಗೆ `Show original`ನಲ್ಲಿ ಕಾಣುವ ಸುಳ್ಳು ಮೇಲ್‌ನ ಪೂರ್ತಿ ಹೆಡರ್, ಪಿಡಿಎಫ್, ಮತ್ತು ಅಸಲಿ ಕಂಪನಿ "ಇದು ನಮ್ಮದಲ್ಲ" ಅಂತ ಕೊಟ್ಟ ಉತ್ತರ ಮೂರನ್ನೂ ಸೇರಿಸಿ ಕಳಿಸಬೇಕು. ಕಂಪನಿಯ ಉತ್ತರ ಗುರುವಾರ ಬಂದಿತ್ತು, ನೇಮಕಾತಿಗೆ ನಾವು ಯಾವ ಹಂತದಲ್ಲೂ ದುಡ್ಡು ಕೇಳುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದರು. ಬರೀ "ಇವರು ಮೋಸಗಾರರು" ಅಂತ ಒಂದು ಸಾಲು ಕಳಿಸಿದರೆ ರಿಜಿಸ್ಟ್ರಾರ್‌ಗಳು ಪಕ್ಕಕ್ಕಿಡುತ್ತಾರೆ, ಸಾಕ್ಷಿ ಇದ್ದರೆ ಕ್ರಮ ಕೈಗೊಳ್ಳಲೇಬೇಕು. `.com`, `.net`ನಂಥ ಡೊಮೇನ್ ಮಾರುವವರ ಜೊತೆ, ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಮಾಡಿಕೊಂಡಿರುವ ಒಪ್ಪಂದದಲ್ಲಿ 2024ರ ಏಪ್ರಿಲ್‌ನಿಂದ ಅದು ಕಡ್ಡಾಯವಾಗಿದೆ. ಅವಳ ದೂರು ಹೋದ ಕೆಲವು ದಿನಕ್ಕೆ ಅದೇ ಪುಟದಲ್ಲಿ ಡೊಮೇನಿನ ಸ್ಥಿತಿ `clientHold` ಅಂತ ಬದಲಾಯಿತು. ಅಂದರೆ ಹೆಸರು ಇದೆ, ಕೆಲಸ ಮಾಡುವುದಿಲ್ಲ. ಅದರಿಂದ ತಾಣವೂ ತೆರೆಯುವುದಿಲ್ಲ, ಅದರ ವಿಳಾಸಕ್ಕೆ ಮೇಲೂ ತಲುಪುವುದಿಲ್ಲ.

ಅವಳ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗ ಇದನ್ನು ತಿಳಿದು ನೋಟಿಸ್ ಬೋರ್ಡಿಗೆ ಒಂದು ಎಚ್ಚರಿಕೆ ಹಾಕಿತು. ಒಳ್ಳೆಯದೇ. ಆದರೆ ಅದೇ ಬೋರ್ಡಿನಲ್ಲಿ ಪಕ್ಕಕ್ಕೆ ಟ್ರೈನಿಂಗ್ ಸಂಸ್ಥೆಯ ಪೋಸ್ಟರ್ ಇದೆ, ಇಂಟರ್ನ್‌ಶಿಪ್ ಶುಲ್ಕ ಇಷ್ಟು ಅಂತ. ಅದನ್ನು ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಅದರ ಮೇಲೆ ತರಬೇತಿ ಅಂತ ಬರೆಯಲಿ, ರಸೀದಿ ಯಾರು ಕೊಡುತ್ತಾರೆ ಅಂತ ಬರೆಯಲಿ. ಇಂಟರ್ನ್‌ಶಿಪ್ ಅಂತ ಕರೆದು ಶುಲ್ಕ ವಸೂಲಿ ಮಾಡುವುದು ಕಾಲೇಜಿನ ಗೋಡೆಯ ಮೇಲೇ ಮಾನ್ಯವಾಗಿರುವವರೆಗೆ, ಪಕ್ಕದ ಎಚ್ಚರಿಕೆಯನ್ನು ಓದಿದ ಹುಡುಗ ಯಾವ ದುಡ್ಡು ಸರಿ, ಯಾವುದು ತಪ್ಪು ಅಂತ ಹೇಗೆ ಬೇರ್ಪಡಿಸಬೇಕು? ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರಿಗೆ ಸಹನಾ ಇದನ್ನೇ ಬರೆದು ಕೊಟ್ಟಿದ್ದಾಳೆ. ಪೋಸ್ಟರ್ ಇನ್ನೂ ಹಾಗೇ ಇದೆ.

ಏಪ್ರಿಲ್‌ನಲ್ಲಿ ಅವಳ ಜೂನಿಯರ್ ಒಬ್ಬಳಿಗೆ ಆಫರ್ ಬಂತು. ಕಂಪನಿಯ ಹೆಸರು ಬೇರೆ, ಡೊಮೇನ್ ಬೇರೆ, ಈ ಸಲ ಕೊನೆಗೆ `.org.in`. ಎಚ್‌ಆರ್ ಹೆಸರೂ ಬೇರೆ. ಪಿಡಿಎಫ್ ಮಾತ್ರ ಅದೇ ಮೂರು ಪುಟ, ಮೂರನೇ ಪುಟದಲ್ಲಿ ಅದೇ ₹2,850. ಆ ಹುಡುಗಿ ಕಟ್ಟುವ ಮೊದಲು ಸಹನಾಗೆ ಕಳಿಸಿ ಕೇಳಿದ್ದಳು. ಇಬ್ಬರೂ ಸೇರಿ ಹೊಸ ಡೊಮೇನಿನ ರಿಜಿಸ್ಟ್ರಾರ್ ಯಾರು ಅಂತ ಹುಡುಕಿ, ಹಳೆಯ ದೂರನ್ನೂ ಜೊತೆಗಿಟ್ಟು ಅವತ್ತೇ ಬರೆದರು.